ಕ್ರೋಮ್‌ಬುಕ್ ‘ಓಎಸ್ ಹಾಳಾಗಿದೆ’ ಅಂದರೆ ಮೊದಲು ಟ್ಯಾಬ್ ಒತ್ತಿ

ಕ್ರೋಮ್‌ಬುಕ್ ಆನ್ ಮಾಡುತ್ತೀರಿ. ಲಾಗಿನ್ ಪರದೆ ಬರುವ ಬದಲು ಆಶ್ಚರ್ಯಸೂಚಕ ಚಿಹ್ನೆಯ ಜೊತೆ `Chrome OS is missing or damaged` ಎಂಬ ಸಾಲು ಬರುತ್ತದೆ. ಹೊಸ ಮಾದರಿಗಳಲ್ಲಿ ಮಾತು ಸ್ವಲ್ಪ ಮೆತ್ತಗೆ, `Something went wrong` ಅಂತ. ಹೆಚ್ಚಿನವರು ನೇರವಾಗಿ ಓಎಸ್ ಮತ್ತೆ ಹಾಕುವ ರಿಕವರಿ ಪೆನ್‌ಡ್ರೈವ್ ಮಾಡಲು ಹೊರಡುತ್ತಾರೆ. ಅದು ತಪ್ಪಲ್ಲ. ಆದರೆ ಪೆನ್‌ಡ್ರೈವ್ ಎಲ್ಲ ಕಾಯಿಲೆಗೂ ಮದ್ದಲ್ಲ. ಯಾವ ಕಾಯಿಲೆ ಅನ್ನುವುದನ್ನು ಯಂತ್ರವೇ ಹೇಳುತ್ತದೆ, ಆ ಪರದೆ ಇರುವಾಗಲೇ ಕೇಳಬೇಕು, ಅಷ್ಟೇ.

ಮೊದಲು, ‘ಹಾಳಾಗಿದೆ’ ಅಂತ ಅದಕ್ಕೆ ಗೊತ್ತಾಗುವುದು ಹೇಗೆ? ಕ್ರೋಮ್‌ಬುಕ್ಕಿನ ಮದರ್‌ಬೋರ್ಡಿನ ಚಿಪ್ಪಿನಲ್ಲಿ ಬರೆಯಲಾಗದಂತೆ ಬೀಗ ಹಾಕಿದ ಒಂದು ಭಾಗವಿದೆ. ಆನ್ ಮಾಡಿದಾಗ ಮೊದಲು ಓಡುವುದು ಅಲ್ಲಿರುವ ಪ್ರೋಗ್ರಾಂ. ಅದು ಮುಂದಿನ ಹಂತದ ಫರ್ಮ್‌ವೇರಿನ, ಅಂದರೆ ಯಂತ್ರವನ್ನು ಎಬ್ಬಿಸುವ ಪ್ರೋಗ್ರಾಮಿನ, ಡಿಜಿಟಲ್ ಸಹಿ ನೋಡುತ್ತದೆ. ಆ ಫರ್ಮ್‌ವೇರ್ ಓಎಸ್‌ನ ತಿರುಳಾದ ಕರ್ನಲ್ಲಿನ ಸಹಿ ನೋಡುತ್ತದೆ. ಕರ್ನಲ್ ಓಎಸ್ ಫೈಲುಗಳನ್ನು 4096 ಬೈಟಿನ ತುಂಡುಗಳಾಗಿ ಓದುತ್ತದೆ, ಪ್ರತಿ ತುಂಡನ್ನೂ ಓದುವಾಗಲೇ ಲೆಕ್ಕಕ್ಕೆ ತಾಳೆ ಹಾಕುತ್ತದೆ. ಒಂದೇ ಒಂದು ಬಿಟ್ ಬದಲಾಗಿದ್ದರೂ ಲೆಕ್ಕ ಕೂಡುವುದಿಲ್ಲ. ವೈರಸ್ ಬದಲಿಸಿತೋ, ಸ್ಟೋರೇಜ್ ಸವೆದು ಬದಲಾಯಿತೋ, ಅದಕ್ಕೆ ಎರಡೂ ಒಂದೇ.

ಹಾಗಂತ ಒಂದು ಸಲ ತಪ್ಪಿದ ಕೂಡಲೇ ಕೈ ಚೆಲ್ಲುವುದಿಲ್ಲ. ಸ್ಟೋರೇಜಿನಲ್ಲಿ ಓಎಸ್‌ನ ಎರಡು ಪ್ರತಿಗಳಿಗೆ ಜಾಗವಿದೆ. ನೀವು ‘ಎ’ ಬಳಸುತ್ತಿದ್ದರೆ ಅಪ್‌ಡೇಟ್ ‘ಬಿ’ಗೆ ಹೋಗಿ ಕೂರುತ್ತದೆ. ಹೊಸದು ಎದ್ದು ನಿಲ್ಲದಿದ್ದರೆ ಯಂತ್ರ ಹಳೆಯದಕ್ಕೆ ಮರಳುತ್ತದೆ. ಹೀಗಾಗಿ ಮಳೆಗಾಲದಲ್ಲಿ ಕರೆಂಟು ಹೋಗಿ ಅಪ್‌ಡೇಟ್ ಅರ್ಧಕ್ಕೆ ನಿಂತಿತು ಎಂಬುದು ಸಾಮಾನ್ಯವಾಗಿ ಈ ಸಂದೇಶಕ್ಕೆ ಕಾರಣವಾಗಲಾರದು. ಸಂದೇಶ ಬಂದಿದೆ ಅಂದರೆ ಹೆಚ್ಚಾಗಿ ಎರಡು ಪ್ರತಿಗಳೂ ಕೈಕೊಟ್ಟಿವೆ, ಇಲ್ಲವೇ ಸ್ಟೋರೇಜೇ ಮಾತಾಡುತ್ತಿಲ್ಲ. ಈ ಎರಡರ ವ್ಯತ್ಯಾಸವೇ ಮುಖ್ಯ.

ಕಳೆದ ಮಳೆಗಾಲದಲ್ಲಿ ಶಿರಸಿಯಿಂದ ನನ್ನ ಅಕ್ಕನ ಮಗಳು ಫೋನ್ ಮಾಡಿದಳು. “ಮಾವ, ಪುಸ್ತಕ ಎಲ್ಲ ಅದ್ರಲ್ಲೇ ಇದ್ದು, ಎಂತ ಮಾಡದು?” ಕಾಲೇಜಿನ ನೋಟ್ಸು ಅನ್ನುವುದು ಅವಳ ಅರ್ಥ. ಚಾರ್ಜರ್ ಬಿಟ್ಟು ಬೇರೆ ಏನೇನು ಸಿಕ್ಕಿಸಿದ್ದೀಯೋ ಎಲ್ಲ ತೆಗಿ ಅಂದೆ. ಮೌಸ್, ಮೆಮರಿ ಕಾರ್ಡು ಹೊರಬಂದವು. ಆಮೇಲೆ ರಿಫ್ರೆಶ್ ಮತ್ತು ಪವರ್ ಕೀಗಳನ್ನು ಒಟ್ಟಿಗೆ ಒತ್ತಿಸಿದೆ. ಇದರಿಂದ ಯಂತ್ರ ಗಟ್ಟಿಯಾಗಿ ರೀಸ್ಟಾರ್ಟ್ ಆಗುತ್ತದೆ, ಡೌನ್‌ಲೋಡ್ಸ್ ಫೋಲ್ಡರಿನ ಕೆಲವು ಫೈಲುಗಳು ಹೋಗಬಹುದು. ಕೆಲವು ಸಲ ಇಷ್ಟಕ್ಕೇ ಸರಿಯಾಗುವುದುಂಟು. ಅವಳದ್ದು ಆಗಲಿಲ್ಲ.

ಆಗ ಟ್ಯಾಬ್ ಕೀ ಒತ್ತಲು ಹೇಳಿದೆ. ಸಣ್ಣ ಅಕ್ಷರಗಳಲ್ಲಿ ಒಂದಷ್ಟು ಸಾಲು ಬರುತ್ತವೆ. ಅದರಲ್ಲಿ `recovery_reason` ಎಂಬ ಸಾಲು ಹುಡುಕಬೇಕು. ಅದರ ಮುಂದೆ `0x5a` ಇದ್ದರೆ ಫರ್ಮ್‌ವೇರಿಗೆ ಸ್ಟೋರೇಜೇ ಸಿಕ್ಕಿಲ್ಲ ಅಂತ. `0x5b` ಇದ್ದರೆ ಸ್ಟೋರೇಜ್ ಇದೆ, ಆದರೆ ಅದರಲ್ಲಿ ಬೂಟ್ ಮಾಡಬಲ್ಲ ಕರ್ನಲ್ ಇಲ್ಲ. ಇವಳಿಗೆ ಬಂದದ್ದು `0x5b`. ಸಮಾಧಾನದ ಸುದ್ದಿ. ಪೆನ್‌ಡ್ರೈವ್ ಕೆಲಸ ಮಾಡುವ ಸಾಧ್ಯತೆ ಜಾಸ್ತಿ ಇರುವುದು ಈ ಸ್ಥಿತಿಯಲ್ಲೇ.

ಟ್ಯಾಬ್ ಮೊದಲು ಅಂದದ್ದಕ್ಕೆ ಕಾರಣವಿದೆ. ರಿಕವರಿಗೆ ಎಸ್ಕೇಪ್, ರಿಫ್ರೆಶ್, ಪವರ್ ಮೂರನ್ನೂ ಒಟ್ಟಿಗೆ ಒತ್ತಬೇಕು. ಹಾಗೆ ಒತ್ತಿದ ಮೇಲೆ ಅದೇ ಜಾಗದಲ್ಲಿ `0x02` ಎಂದು ಕಾಣುತ್ತದೆ. ಅಂದರೆ ‘ಬಳಕೆದಾರರೇ ಕೇಳಿದ್ದು’ ಅಂತ. ಮೊದಲಿನ ಕಾರಣ ಅಲ್ಲಿಂದ ಮಾಯ.

ನೋಟ್ಸಿನ ಕತೆ ಬೇರೆ. ರಿಕವರಿ ಮಾಡಿದರೆ ಯಂತ್ರದೊಳಗೆ ಉಳಿಸಿದ್ದೆಲ್ಲ ಅಳಿಯುತ್ತದೆ, ಡೌನ್‌ಲೋಡ್ಸ್ ಫೋಲ್ಡರ್ ಸೇರಿ. ಗೂಗಲ್ ಡ್ರೈವ್‌ಗೆ ಹೋಗಿದ್ದು ಉಳಿಯುತ್ತದೆ. ಪೇಟೆಯ ಅಂಗಡಿಯವರು ಸ್ಟೋರೇಜ್ ಬಿಚ್ಚಿ ಫೈಲು ತೆಗೆದುಕೊಡುತ್ತಾರಾ ಅಂತ ಅಕ್ಕ ಕೇಳಿದಳು. ಆಗದು. ಪ್ರತಿ ಬಳಕೆದಾರರ ಫೈಲುಗಳೂ ಬೀಗದಲ್ಲಿರುತ್ತವೆ. ಆ ಬೀಗದ ಕೀಲಿ ಅವರ ಪಾಸ್‌ವರ್ಡ್ ಜೊತೆಗೆ ಅದೇ ಬೋರ್ಡಿನ ಭದ್ರತಾ ಚಿಪ್ಪಿಗೂ ಕಟ್ಟಿಕೊಂಡಿದೆ. ಹುಡುಗಿಯ ನೋಟ್ಸು ಹೆಚ್ಚಿನದು ಗೂಗಲ್ ಡ್ರೈವ್‌ನಲ್ಲಿತ್ತು. ಡೌನ್‌ಲೋಡ್ ಮಾಡಿದ ಕೆಲವು ಪಿಡಿಎಫ್ ಹೋದವು.

ಪೆನ್‌ಡ್ರೈವ್ ಮಾಡಲು ಇನ್ನೊಂದು ಕಂಪ್ಯೂಟರ್ ಬೇಕು, ಅದರಲ್ಲಿ ಕ್ರೋಮ್ ಬ್ರೌಸರ್ ಇರಬೇಕು. ವಿಂಡೋಸ್ ಆದರೂ ಸರಿ, ಮ್ಯಾಕ್ ಆದರೂ ಸರಿ, ಬೇರೆ ಕ್ರೋಮ್‌ಬುಕ್ ಆದರೂ ಸರಿ. ಕ್ರೋಮ್ ವೆಬ್ ಸ್ಟೋರಿನಿಂದ `Chromebook Recovery Utility` ಹಾಕಿಕೊಳ್ಳಿ. 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್ ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಮದುವೆ ಫೋಟೋ ಇರುವ ಡ್ರೈವ್ ಬೇಡ. ಡೌನ್‌ಲೋಡ್ ದೊಡ್ಡದು, ಒಂದು ಜಿಬಿಗೂ ಮೇಲೆ. ಅಕ್ಕನ ಮನೆ ಇರುವ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ಸಿಗಬೇಕೆಂದರೆ ತೋಟದ ಮೇಲಿನ ಗುಡ್ಡ ಹತ್ತಬೇಕು. ಹುಡುಗಿಯ ತಮ್ಮ ಪೇಟೆಯ ಸೈಬರ್ ಅಂಗಡಿಯಲ್ಲಿ ಕೂತು ಮಾಡಿಸಿಕೊಂಡು ಬಂದ.

ಆ ಪೆನ್‌ಡ್ರೈವ್ ಹಾಕಿದರೆ ‘ಸರಿಯಾದ ಇಮೇಜ್ ಇಲ್ಲ’ ಎಂಬರ್ಥದ ಸಂದೇಶ ಬಂತು. ಇಮೇಜ್ ಅಂದರೆ ಪೆನ್‌ಡ್ರೈವಿಗೆ ಬರೆದಿಟ್ಟ ಓಎಸ್‌ನ ಪ್ರತಿ. ಆದದ್ದು ಇಷ್ಟು. ಅವನು ಮುಚ್ಚಳದ ಮೇಲಿದ್ದ ಹೆಸರು ನೋಡಿ, ಪಟ್ಟಿಯಲ್ಲಿ ಅದೇ ಥರ ಕಂಡ ಮಾದರಿಯನ್ನು ಆರಿಸಿದ್ದ. ಅಂಗಡಿಯಲ್ಲಿ ಮಾರುವ ಹೆಸರು ಒಂದೇ ಇದ್ದರೂ ಒಳಗಿನ ಬೋರ್ಡ್ ಬೇರೆ ಇರಬಹುದು, ಪ್ರತಿ ಬೋರ್ಡಿಗೂ ಇಮೇಜ್ ಬೇರೆ. ಫರ್ಮ್‌ವೇರ್ ಪೆನ್‌ಡ್ರೈವಿನ ಇಮೇಜಿನ ಸಹಿಯನ್ನೂ ತನ್ನೊಳಗಿನ ಕೀಲಿಗೆ ತಾಳೆ ನೋಡುತ್ತದೆ. ತನ್ನದಲ್ಲದ್ದನ್ನು ಒಳಗೆ ಬಿಡುವುದಿಲ್ಲ. ನಂಬಬೇಕಾದ್ದು ದೋಷದ ಪರದೆಯ ಕೆಳಗೆ `Model` ಎಂದು ತೋರಿಸುವ, ದೊಡ್ಡಕ್ಷರದ ಹೆಸರಿನಿಂದ ಶುರುವಾಗುವ ಸಾಲನ್ನು. ಅದನ್ನು ಫೋನಿನಲ್ಲಿ ಫೋಟೋ ಹೊಡೆದುಕೊಂಡು ಹೋಗಿ ಹಾಗೇ ಟೈಪ್ ಮಾಡಿದ, ಎರಡನೇ ಸಲ ಯಂತ್ರ ಒಪ್ಪಿಕೊಂಡಿತು.

ಕ್ರಮ ಹೀಗೆ. ಚಾರ್ಜರ್ ಹಾಕಿಡಿ. ಪೆನ್‌ಡ್ರೈವ್ ಇನ್ನೂ ಬೇಡ. ಎಸ್ಕೇಪ್ ಮತ್ತು ರಿಫ್ರೆಶ್ ಒತ್ತಿ ಹಿಡಿದು ಪವರ್ ಒತ್ತಿ, ಪವರ್ ಬಿಡಿ. ಪರದೆಯಲ್ಲಿ ಸಂದೇಶ ಬಂದ ಮೇಲೆ ಉಳಿದೆರಡನ್ನೂ ಬಿಡಿ. ಅದು ಕೇಳಿದಾಗ ಪೆನ್‌ಡ್ರೈವ್ ಹಾಕಿ. ಬೂಟ್ ಆಗದೆ ಮೊದಲು ಬಂದ ಪರದೆಯಲ್ಲಿ ಸುಮ್ನೆ ಡ್ರೈವ್ ಸಿಕ್ಕಿಸಿ ಕಾದರೆ ಏನೂ ಆಗುವುದಿಲ್ಲ. ಯಂತ್ರದ ಮುಂದೆ ಮನುಷ್ಯರೇ ಕೂತು ಕೀ ಒತ್ತಿದ್ದಾರೆ ಎಂಬ ಖಾತ್ರಿ ಅದಕ್ಕೆ ಬೇಕು. ಒಳಗೆ ನುಗ್ಗಿದ ಪ್ರೋಗ್ರಾಂ ತಾನೇ ರಿಕವರಿ ಶುರು ಮಾಡಬಾರದಲ್ವಾ? ಆಮೇಲೆ ಇಮೇಜ್ ಪರಿಶೀಲನೆ, ನಕಲು ಎಲ್ಲ ಅದೇ ಮಾಡಿಕೊಂಡು, ಕೊನೆಗೆ ಡ್ರೈವ್ ತೆಗೆಯಲು ಹೇಳುತ್ತದೆ.

ನಡುವೆ `An unexpected error has occurred` ಎಂದು ನಿಂತರೆ ಬೇರೆ ಪೆನ್‌ಡ್ರೈವಿನಲ್ಲಿ ಹೊಸದಾಗಿ ಇಮೇಜ್ ಬರೆದು ನೋಡಿ. ಮತ್ತೆ ಅದೇ ಬಂದರೆ, ಅಥವಾ ಮೊದಲಿಗೇ `0x5a` ಇದ್ದರೆ, ಅಥವಾ ರಿಕವರಿ ಆಗಿ ಕೆಲವೇ ದಿನಕ್ಕೆ ಅದೇ ಸಂದೇಶ ಮರಳಿದರೆ, ಅನುಮಾನ ಸ್ಟೋರೇಜಿನ ಮೇಲೆ. ಅನೇಕ ಅಗ್ಗದ ಮಾದರಿಗಳಲ್ಲಿ ಅದು ಬೋರ್ಡಿಗೇ ಬೆಸೆದ ಚಿಪ್. ಬಿಡಿಯಾಗಿ ಬದಲಿಸುವುದು ಸುಲಭವಲ್ಲ, ಬೋರ್ಡನ್ನೇ ಬದಲಿಸಬೇಕಾಗಬಹುದು. ಬೆಲೆ ಕೇಳಿ ನಿರ್ಧರಿಸಿ. ಹಳೆಯ ಯಂತ್ರವಾದರೆ ನಾನಂತೂ ದುಡ್ಡು ಹಾಕುವುದಿಲ್ಲ.

ಕೆಲಸ ಮುಗಿದ ಮೇಲೆ ಪೆನ್‌ಡ್ರೈವನ್ನು ವಿಂಡೋಸಿಗೆ ಹಾಕಿದರೆ ಅದರ ಗಾತ್ರ ವಿಚಿತ್ರವಾಗಿ ಕಮ್ಮಿ ಕಾಣಬಹುದು. ಕೆಟ್ಟಿಲ್ಲ. ರಿಕವರಿ ಇಮೇಜ್ ಅದನ್ನು ಹಲವು ಪಾರ್ಟಿಶನ್ ಮಾಡಿಟ್ಟಿದೆ, ಅಷ್ಟೇ. ಅದೇ ಯುಟಿಲಿಟಿಯ ಸೆಟ್ಟಿಂಗ್ಸ್ ಗುರುತಿನಲ್ಲಿ `Erase recovery media` ಆರಿಸಿ, ಆಮೇಲೆ ಎಂದಿನಂತೆ ಫಾರ್ಮ್ಯಾಟ್ ಮಾಡಿಕೊಳ್ಳಿ.