ರೋಬೋಗೆ ಏನು ಹೆಸರಿಡೋದು?

ಪ್ರಶ್ನೆ: ನಾವು ದಾವಣಗೆರೆ ಕಡೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಮೊದಲ ಸಲ ಡಿಡಿ ರೋಬೋಕಾನ್ ಎಂಬ ರೋಬೋ ಸ್ಪರ್ಧೆಗೆ ಹೋಗುತ್ತಿದ್ದೇವೆ. ಟೀಮಿಗೂ ರೋಬೋಗಳಿಗೂ ಕನ್ನಡದ ಹೆಸರೇ ಬೇಕು ಅಂತ ಆಸೆ, ದೆಹಲಿಯಲ್ಲೂ ಜನರಿಗೆ ನೆನಪಿರಬೇಕು. ಹೇಗೆ ಆರಿಸೋದು?

ಉತ್ತರ: ಮೊದಲು ಎರಡನ್ನೂ ಬೇರೆ ಮಾಡಿಕೊಳ್ಳಿ. ರೋಬೋಕಾನ್‌ನಲ್ಲಿ ಆಟ ವರ್ಷಕ್ಕೊಂದು. 2022ರಲ್ಲಿ ನಮ್ಮ ಲಗೋರಿಯೇ ಇತ್ತು, 2024ರಲ್ಲಿ ಭತ್ತದ ಸಸಿ ನೆಡುವುದು, 2025ರಲ್ಲಿ ಬ್ಯಾಸ್ಕೆಟ್‌ಬಾಲ್. ರೋಬೋ ಆ ವರ್ಷದ ಆಟಕ್ಕೆ ಹುಟ್ಟಿ, ಮುಂದಿನ ವರ್ಷ ಬಿಚ್ಚಿಕೊಂಡು ಮೋಟಾರ್ ಕೊಡುತ್ತದೆ. ಟೀಮ್ ಮಾತ್ರ ಉಳಿಯುತ್ತದೆ. 2022ರಲ್ಲಿ ಟೀಮಿಗೇ ಲಗೋರಿ ಅಂತ ಹೆಸರಿಟ್ಟಿದ್ದರೆ ಮುಂದಿನ ವರ್ಷವೇ ಹಳಸಿ ಹೋಗುತ್ತಿತ್ತು. ಹಾಗಾಗಿ ಆಟದ ವಾಸನೆ ರೋಬೋ ಹೆಸರಿಗಿರಲಿ, ಊರಿನ ವಾಸನೆ ಟೀಮಿಗಿರಲಿ.

ದಾವಣಗೆರೆ ಅಂದರೆ ಕುಸ್ತಿ, ಗರಡಿಮನೆ. ‘ಗರಡಿ’ ಟೀಮಿಗೆ ಒಳ್ಳೆಯ ಹೆಸರು ಅಂತ ನನಗನಿಸುತ್ತದೆ. ವರ್ಷ ವರ್ಷ ಹೊಸ ಪೈಲ್ವಾನರು ತಯಾರಾಗುವ ಜಾಗ ಅದು, ನಿಮ್ಮ ವರ್ಕ್‌ಶಾಪ್ ಥರಾನೇ. ಒಂದೇ ತೊಡಕು, ಗೂಗಲಿನಲ್ಲಿ ಬರೀ ಗರಡಿ ಎಂದು ಹುಡುಕಿದರೆ ಅದೇ ಹೆಸರಿನ ಸಿನಿಮಾ ಬರುತ್ತದೆ. ಇನ್‌ಸ್ಟಾಗ್ರಾಮ್ ಖಾತೆಗೆ `garadi_robotics` ಎಂಬಂಥದ್ದು ಸಿಗುತ್ತದಾ ನೋಡಿ, ಆಮೇಲೆ ಟೀ ಶರ್ಟ್ ಅಚ್ಚು ಹಾಕಿಸಿ.

ಈಗ ರೋಬೋಗಳಿಗೆ ಬರೋಣ. 2025ರ ಬ್ಯಾಸ್ಕೆಟ್‌ಬಾಲ್ ಆಟವನ್ನೇ ತೆಗೆದುಕೊಳ್ಳೋಣ. ಎರಡು ರೋಬೋ. ಒಂದು ಗಿರಗಿರ ತಿರುಗಿ ಪಾಸ್ ಕೊಡುತ್ತದೆ, ಇನ್ನೊಂದು ಬುಟ್ಟಿಗೆ ಹಾಕುತ್ತದೆ ಎಂದುಕೊಳ್ಳಿ. ತಲೆಗೆ ಮೊದಲು ಬರುವುದು ‘ಬಲೆ’, ಬುಟ್ಟಿಯಲ್ಲಿ ಬಲೆ ಇದೆಯಲ್ಲ. ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ನೋಡಿ: `Bale`. ಇದು ಬಲೆಯೂ ಹೌದು, ಬಳೆಯೂ ಹೌದು, ಬಾಳೆಯೂ ಹೌದು. ಮೈಕ್ ಹಿಡಿದವರು ‘ಬೇಲ್’ ಎಂದು ಓದುತ್ತಾರೆ. ಕನ್ನಡ ಹೆಸರು ಸೋಲುವುದು ಸಾಮಾನ್ಯವಾಗಿ ಇಲ್ಲೇ. ಎ ಕಾರದಲ್ಲಿ ಮುಗಿಯುವ ಪದಗಳ ಬಾಲ ಇಂಗ್ಲಿಷ್ ಓದಿನಲ್ಲಿ ಕತ್ತರಿಸಿ ಹೋಗುತ್ತದೆ. ಇ, ಉ ಕಾರದಲ್ಲಿ ಮುಗಿಯುವುವು ಬಹುಪಾಲು ಬಚಾವ್.

ಸರಿ, ತಿರುಗುವ ರೋಬೋ ‘ಬುಗುರಿ’. `Buguri` ಎಂದು ಬರೆದರೆ ತಪ್ಪು ಓದುವುದು ಕಷ್ಟ. (ಶುರುವಿನಲ್ಲೇ ಬಗ್ ಇದೆ ಅಂತ ಪ್ರೋಗ್ರಾಮಿಂಗ್ ಹುಡುಗರು ಗೊಣಗುತ್ತಾರೆ, ಗೊಣಗಲಿ.) ಜೋಡಿಗೆ ‘ಚಾಟಿ’ ಇಡೋಣ ಅನಿಸುತ್ತದೆ, ಬುಗುರಿ ತಿರುಗಿಸುವುದೇ ಅದು. ಆದರೆ ಹಿಂದಿ ಬಲ್ಲವರಿಗೆ ಅದು ‘ಛಾತಿ’, ಅಂದರೆ ಎದೆ, ಎಂದು ಕೇಳಬಹುದು. ಗ್ಯಾಲರಿಯಲ್ಲಿ ನಗು ಗ್ಯಾರಂಟಿ. ಹಿಂದಿ ಮಾತಾಡುವ ಒಬ್ಬರ ಮುಂದೆ ಹೆಸರನ್ನು ಸುಮ್ನೆ ಜೋರಾಗಿ ಹೇಳಿ, ಮುಖ ನೋಡಿ. ನಮ್ಮ ಪಟ್ಟಿಯಲ್ಲಿ ಪಾಸಾಗುವುದು ‘ಗೋಲಿ’. ಹಿಂದಿಯಲ್ಲೂ ಗೋಲಿಯೇ, ಗುಂಡು ಎಂಬ ಅರ್ಥವೂ ಇದೆ. ಎಸೆಯುವ ರೋಬೋಗೆ ಇನ್ನೇನು ಬೇಕು?

ಬುಗುರಿ, ಗೋಲಿ ಜೋಡಿಯಲ್ಲಿ ಇನ್ನೊಂದು ಗುಣವಿದೆ: ಕಿವಿಗೆ ಒಂದರಂತೆ ಇನ್ನೊಂದಿಲ್ಲ. ನಾವು ಒಂದು ಸಲ ವೀರ, ಧೀರ ಎಂದು ಇಟ್ಟಿದ್ದೆವು. ಕಾಗದದ ಮೇಲೆ ಚೆಂದ. ಪ್ರಾಕ್ಟೀಸ್ ಪಂದ್ಯದಲ್ಲಿ ನಾನು “ಧೀರ ರಿಟ್ರೈ!” ಎಂದು ಕೂಗಿದೆ. ಗಲಾಟೆಯಲ್ಲಿ ‘ಈ–ರ’ ಅಷ್ಟೇ ಕೇಳಿಸಿ, ಗೆಳೆಯ ಸರಿಯಾಗಿ ಓಡುತ್ತಿದ್ದ ವೀರನನ್ನೇ ಎತ್ತಿಕೊಂಡು ಬಂದ. ಗದ್ದಲದಲ್ಲಿ ವ್ಯಂಜನ ಮುಳುಗಿ ಸ್ವರ ಮಾತ್ರ ಉಳಿಯುತ್ತದೆ. ಬುಗುರಿ ‘ಉ ಉ ಇ’, ಗೋಲಿ ‘ಓ ಇ’. ಒಂದು ಮೂರಕ್ಷರ, ಇನ್ನೊಂದು ಎರಡು. ಮೋಟಾರ್ ಓಡಿಸಿ, ಫೋನಿನಲ್ಲಿ ಜೋರಾಗಿ ಹಾಡು ಹಾಕಿ, ಹತ್ತು ಹೆಜ್ಜೆ ದೂರದಿಂದ ಕೂಗಿ ನೋಡಿ.

ಹೆಸರು ಖಚಿತವಾದ ಮೇಲೆ ಸ್ಟಿಕರ್‌ಗಿಂತ ಮೊದಲು ಅದನ್ನು ಬ್ಲೂಟೂತ್‌ಗೆ ಹಾಕಿ. ಎಚ್‌ಸಿ-05 ಮಾಡ್ಯೂಲ್ ಬಳಸುವವರ ರೋಬೋ ಎಲ್ಲವೂ ಫೋನಿನಲ್ಲಿ `HC-05` ಎಂದೇ ಕಾಣುತ್ತವೆ, ಪಾಸ್‌ವರ್ಡ್ ಕೂಡ ಹೆಚ್ಚಿನವಕ್ಕೆ `1234`. ಪಿಟ್‌ನಲ್ಲಿ ಪಕ್ಕದ ಟೇಬಲಿನವರ ರೋಬೋಗೆ ಕನೆಕ್ಟ್ ಆಗಿ ಕೂತರೆ ಯಾರನ್ನು ಬೈಯೋದು? ಮಾಡ್ಯೂಲಿನ ಬಟನ್ ಒತ್ತಿಕೊಂಡೇ ಪವರ್ ಕೊಡಿ. ಎಲ್‌ಇಡಿ ಎರಡು ಸೆಕೆಂಡಿಗೊಮ್ಮೆ ನಿಧಾನವಾಗಿ ಮಿನುಗಿದರೆ ಅದು ಆದೇಶಕ್ಕೆ ತಯಾರು. ಸೀರಿಯಲ್ ಮಾನಿಟರಿನಲ್ಲಿ ಬಾಡ್ ರೇಟ್ 38400, ಸಾಲಿನ ಕೊನೆಗೆ `Both NL & CR` ಇಟ್ಟು ಹೀಗೆ ಕಳಿಸಿ:

```
AT+NAME=BUGURI
AT+PSWD=4827
```

ಕೆಲವು ಮಾಡ್ಯೂಲ್‌ಗಳು ಪಾಸ್‌ವರ್ಡನ್ನು ಉದ್ಧರಣ ಚಿಹ್ನೆಯೊಳಗೆ ಕೇಳುತ್ತವೆ. `OK` ಬರದಿದ್ದರೆ `"4827"` ಎಂದು ಕೊಟ್ಟು ನೋಡಿ. ಗೋಲಿಗೆ ಬೇರೆ ನಂಬರ್ ಇಡಿ.