ನನ್ನ ಮೊಬೈಲನ್ನೇ ಸ್ಕ್ಯಾನ್ ಮಾಡಿ ಅಂಗಡಿಯವರು ದುಡ್ಡು ತಗೊಂಡದ್ದು ಹೇಗೆ?

ಪ್ರಶ್ನೆ: ಸರ್ರ, ಬೆಳಗಾವಿ ಉದ್ಯಮಬಾಗದಾಗ ನಂದೊಂದು ಸಣ್ಣ ಹೈಡ್ರಾಲಿಕ್ ವರ್ಕ್‌ಶಾಪ್ ಐತ್ರಿ. ಮಷಿನ್ ನೋಡಾಕ ಚೀನಾದ ಗ್ವಾಂಗ್‌ಝೌಕ್ಕ ಹೋಗಿದ್ದೆ. ಅಲ್ಲಿ ಅಂಗಡ್ಯಾಗ ನಾ ಏನೂ ಸ್ಕ್ಯಾನ್ ಮಾಡ್ಲಿಲ್ಲ. ದುಡ್ಡು ಕೊಡಾಕ ಅಲ್ಲಿ ಬಳಸೋ ವೀಚಾಟ್ ಆ್ಯಪ್ ತೆರೆದು ತೋರಿಸಿದೆ, ಕೌಂಟರಿನ ಹುಡುಗಿ ನನ್ನ ಮೊಬೈಲಿಗೇ ಮಷಿನ್ ಹಿಡಿದ್ಲು, ದುಡ್ಡು ಹೋತು. ಪಿನ್ ಕೇಳ್ಲೇ ಇಲ್ಲ! ಪರದೆ ಮ್ಯಾಲ ಕಾಣೋ ಆ ಗೆರಿಯೊಳಗ ನನ್ನ ಖಾತೆ ನಂಬರ್ ಇರ್ತದೇನ್ರಿ? ಹಿಂದ ನಿಂತಾಂವ ಫೋಟೋ ತಗದ್ರ ಏನ್ ಗತಿ?

ಉತ್ತರ: ಖಾತೆ ನಂಬರ್ ಅದರಲ್ಲಿ ಇರುವುದಿಲ್ಲ. ಫೋಟೋದ ಭಯಕ್ಕೆ ಮಾತ್ರ ಅರ್ಥವಿದೆ. ಆದರೆ ಆ ಭಯದ ಆಯುಷ್ಯ ಒಂದು ನಿಮಿಷದ್ದು.

ನಮ್ಮ ಖಡೇಬಜಾರಿನ ಅಂಗಡಿಯಲ್ಲಿ ಅಂಟಿಸಿರುವ ಯುಪಿಐ ಕೋಡ್ ಅಂಗಡಿಯವರ ವಿಳಾಸ, ಅಷ್ಟೇ. ಅದು ವರ್ಷಗಟ್ಟಲೆ ಬದಲಾಗದಿದ್ದರೂ ತೊಂದರೆಯಿಲ್ಲ, ಏಕೆಂದರೆ ಮೊತ್ತ ನೋಡಿ ಪಿನ್ ಒತ್ತಿ ದುಡ್ಡು ಕಳಿಸುವವರು ನೀವು. ನಿಮ್ಮ ಫೋನಿನಲ್ಲಿರುವ ನಿಮ್ಮದೇ ಯುಪಿಐ ಕೋಡನ್ನು ಅಂಗಡಿಯವರು ಸ್ಕ್ಯಾನ್ ಮಾಡಿದರೆ ದುಡ್ಡು ಅವರಿಂದ ನಿಮಗೆ ಬರುತ್ತದೆ, ಹೋಗುವುದಿಲ್ಲ. ಗ್ವಾಂಗ್‌ಝೌದಲ್ಲಿ ನೀವು ತೋರಿಸಿದ್ದು ವಿಳಾಸವಲ್ಲ, ಅನುಮತಿ. ಸಹಿ ಹಾಕಿ, ಮೊತ್ತ ಬರೆಯದೆ, ಕೌಂಟರಿನಲ್ಲಿ ಕೊಟ್ಟ ಚೆಕ್ ಇದ್ದಂತೆ. ಮೊತ್ತ ತುಂಬುವವರು ಕ್ಯಾಷಿಯರ್. ಅಂಥ ಚೆಕ್ಕನ್ನು ಜನ ಧೈರ್ಯವಾಗಿ ಕೊಡಬೇಕಾದರೆ ಅದು ಬೇಗ ಸಾಯಬೇಕು, ಒಂದೇ ಸಲ ನಡೆಯಬೇಕು. ಇಡೀ ವ್ಯವಸ್ಥೆ ನಿಂತಿರುವುದೇ ಈ ಎರಡು ಷರತ್ತುಗಳ ಮೇಲೆ.

ವೀಚಾಟ್‌ನ ಪಾವತಿ ಕೋಡ್ ಎಂದರೆ 18 ಅಂಕಿಗಳ ಒಂದು ಸಂಖ್ಯೆ. ಅದರ ಮೊದಲ ಎರಡು ಅಂಕಿ 10ರಿಂದ 15ರ ಒಳಗಿರುತ್ತವೆ, ಹಾಗಾಗಿ ಇದು ವೀಚಾಟ್‌ದೋ, ಅಲ್ಲಿನ ಇನ್ನೊಂದು ಪಾವತಿ ಆ್ಯಪ್ ಆದ ಅಲಿಪೇದೋ ಎಂದು ಅಂಗಡಿಯ ಮಷಿನ್‌ಗೆ ಅದರಿಂದಲೇ ತಿಳಿಯುತ್ತದೆ. (ಅಲಿಪೇ ಕೋಡ್ 25ರಿಂದ 30ರ ಒಳಗಿನ ಅಂಕಿಗಳಿಂದ ಶುರುವಾಗುತ್ತದೆ.) ಮೇಲಿನ ಉದ್ದುದ್ದ ಗೆರೆಗಳು, ಕೆಳಗಿನ ಚೌಕ ಎರಡರಲ್ಲೂ ಅದೇ ಸಂಖ್ಯೆ. ಗೆರೆ ಓದುವ ಮಷಿನ್ ಗೆರೆ ಓದಲಿ, ಚೌಕ ಓದುವುದು ಚೌಕ ಓದಲಿ ಎಂದು ಎರಡೂ ಇಟ್ಟಿದ್ದಾರೆ. ಆ ಸಂಖ್ಯೆಯಲ್ಲಿ ನಿಮ್ಮ ಹೆಸರಿಲ್ಲ, ಕಾರ್ಡ್ ನಂಬರಿಲ್ಲ, ಮೊತ್ತವೂ ಇಲ್ಲ. ಇದು ಯಾರ ಸಂಖ್ಯೆ ಎಂಬುದು ಗೊತ್ತಿರುವುದು ವೀಚಾಟ್‌ನ ಸರ್ವರ್‌ಗೆ ಮಾತ್ರ.

ನೀವು 36.50 ಯುವಾನ್‌ಗೆ ತಿಂಡಿ, ಚಹಾ ತಗೊಂಡಿರಿ ಎಂದುಕೊಳ್ಳೋಣ. ಕ್ಯಾಷಿಯರ್ ಮೊದಲು ಬಿಲ್ ಮೊತ್ತ ಕೂಡಿಸಿ, ಆಮೇಲೆ ನಿಮ್ಮ ಪರದೆಗೆ ಸ್ಕ್ಯಾನರ್ ಹಿಡಿಯುತ್ತಾಳೆ. ಅಂಗಡಿಯ ಕಂಪ್ಯೂಟರ್ ಕಳಿಸುವ ಮನವಿಯಲ್ಲಿ ಮುಖ್ಯವಾದ ಸಾಲುಗಳು ಇವು:

```
auth_code    = 134512345678901234
out_trade_no = A7-000826
total_fee    = 3650
```

ಮೊದಲನೆಯದು ನಿಮ್ಮ ಪರದೆಯ ಸಂಖ್ಯೆ. ಎರಡನೆಯದು ಅಂಗಡಿಯವರು ಈ ಬಿಲ್ಲಿಗೆ ಕೊಟ್ಟ ನಂಬರ್. ಮೂರನೆಯದು ಮೊತ್ತ, ಯುವಾನ್‌ನ ನೂರನೇ ಭಾಗವಾದ ಫೆನ್ ಲೆಕ್ಕದಲ್ಲಿ. ಜೊತೆಗೆ ಅಂಗಡಿಯ ಗುರುತು ಮತ್ತು ಅದರ ಡಿಜಿಟಲ್ ಸಹಿ ಹೋಗುತ್ತವೆ. ಸರ್ವರ್ ಸಂಖ್ಯೆಯಿಂದ ನಿಮ್ಮ ಖಾತೆ ಹುಡುಕುತ್ತದೆ, ಅವಧಿ ಮುಗಿದಿದೆಯೇ, ಮೊದಲೇ ಬಳಕೆಯಾಗಿದೆಯೇ ನೋಡುತ್ತದೆ, ನೀವು ಜೋಡಿಸಿದ ಕಾರ್ಡಿನಿಂದ ದುಡ್ಡು ಎಳೆದು ಅಂಗಡಿಗೆ ಉತ್ತರ ಕೊಡುತ್ತದೆ. ಗಮನಿಸಿ, ಈ ಓಡಾಟವೆಲ್ಲ ಅಂಗಡಿಯ ಇಂಟರ್ನೆಟ್ ಮೇಲೆ ನಡೆಯಿತು. ನಿಮ್ಮ ಫೋನ್ ಸುಮ್ಮನೆ ಬೆಳಕು ಬೀರುತ್ತ ನಿಂತಿತ್ತು.

ಪಿನ್ ಕೇಳದಿದ್ದುದು ಮೊತ್ತ ಸಣ್ಣದಿದ್ದ ಕಾರಣಕ್ಕೆ. ವೀಚಾಟ್ ನಿಯಮದಂತೆ 1000 ಯುವಾನ್ ದಾಟಿದರೆ ಪಾಸ್‌ವರ್ಡ್ ಬೇಕು. ಅದಕ್ಕಿಂತ ಕಡಿಮೆ ಇದ್ದರೂ ವ್ಯವಹಾರ ಅನುಮಾನಾಸ್ಪದ ಅನಿಸಿದರೆ ಕೇಳುತ್ತದೆ. ಆಗ ಅಂಗಡಿಗೆ `USERPAYING` ಎಂಬ ಉತ್ತರ ಹೋಗುತ್ತದೆ, ನಿಮ್ಮ ಫೋನಿನಲ್ಲಿ ಪಾಸ್‌ವರ್ಡ್ ಪೆಟ್ಟಿಗೆ ತೆರೆಯುತ್ತದೆ, ಅಂಗಡಿಯ ಮಷಿನ್ ಕೆಲವು ಸೆಕೆಂಡಿಗೊಮ್ಮೆ "ಆಯ್ತಾ?" ಎಂದು ಸರ್ವರನ್ನು ಕೇಳುತ್ತಿರುತ್ತದೆ. ಈ ಹಂತಕ್ಕೆ ನಿಮ್ಮ ಫೋನಿನಲ್ಲೂ ಇಂಟರ್ನೆಟ್ ಇರಲೇಬೇಕು. ಸಿಮ್ ಸರಿಯಾಗಿ ಓಡದ ಊರಿನಲ್ಲಿ ಸಣ್ಣ ಬಿಲ್ಲು ದಾಟಿ, ದೊಡ್ಡ ಬಿಲ್ಲು ಕೈಕೊಡುವುದು ಇದೇ ಕಾರಣಕ್ಕೆ.

ಈಗ ಹಿಂದೆ ನಿಂತವನ ವಿಷಯ. ಪರದೆಯ ಸಂಖ್ಯೆ ನಿಮಿಷಕ್ಕೊಮ್ಮೆ ಬದಲಾಗುತ್ತದೆ. ನಿನ್ನೆಯ ಫೋಟೋ ಇರಲಿ, ಊಟದ ಬಿಲ್ ಕೊಟ್ಟು ಹೊರಗೆ ಬರುವಷ್ಟರಲ್ಲಿ ಹಳೆಯ ಫೋಟೋಗೆ ಬೆಲೆಯಿಲ್ಲ. ಆದರೆ ಸಾಲಿನಲ್ಲಿ ನಿಂತು, ಸರದಿ ಬರುವ ಮೊದಲೇ ಕೋಡ್ ತೆರೆದು ಹಿಡಿದುಕೊಂಡರೆ ಆ ಒಂದು ನಿಮಿಷದೊಳಗೆ ವ್ಯಾಪಾರಿ ಖಾತೆ ಇರುವ ಕಳ್ಳನೊಬ್ಬ ದೂರದಿಂದಲೇ ಅದನ್ನು ಓದಿ ಮಿತಿಯೊಳಗಿನ ಮೊತ್ತ ಎಳೆಯಬಹುದು. ಕ್ಯಾಷಿಯರ್ ಮೊತ್ತ ಹೇಳಿದ ಮೇಲೆ ಕೋಡ್ ತೆರೆಯಿರಿ, ಸಾಕು. ಇನ್ನೊಂದು ಮೋಸ ಫೋನ್ ಕರೆಯಲ್ಲೇ ನಡೆಯುತ್ತದೆ. ಗೆರೆಗಳ ಕೆಳಗಿನ 18 ಅಂಕಿ ಓದಿ ಹೇಳಿ, ಹಣ ವಾಪಸ್ ಕಳಿಸುತ್ತೇವೆ ಅನ್ನುತ್ತಾರೆ. ಸ್ಕ್ಯಾನರ್ ಓದದಿದ್ದಾಗ ಕ್ಯಾಷಿಯರ್ ಕೈಯಿಂದ ಟೈಪ್ ಮಾಡಲೆಂದು ಇರುವ ಅಂಕಿಗಳವು. ಓದಿ ಹೇಳಿದರೆ ಪರದೆ ತೋರಿಸಿದ ಲೆಕ್ಕವೇ. ಅದಕ್ಕೇ ಈಗ ಆ ಅಂಕಿಗಳನ್ನು ಮರೆಮಾಡಿ, ನೋಡಲು ಹೋದರೆ ಎಚ್ಚರಿಕೆ ತೋರಿಸುತ್ತಾರೆ.

ಸ್ಕ್ಯಾನರ್ ಓದದಿರುವುದಕ್ಕೆ ಬಹುಪಾಲು ಕಾರಣ ಪರದೆಯೇ. ಕಾಗದದ ಮೇಲಿನ ಗೆರೆಗಳಿಗಾಗಿ ಮಾಡಿದ ಹಳೆಯ ಲೇಸರ್ ಸ್ಕ್ಯಾನರ್‌ಗೆ ಗಾಜಿನ ಪರದೆ ಸರಿಯಾಗಿ ಕಾಣುವುದಿಲ್ಲ, ಕ್ಯಾಮೆರಾ ಇರುವ ಸ್ಕ್ಯಾನರ್ ಬೇಕು. ಬೆಳಕು ಕಡಿಮೆಯಿದ್ದರೆ, ಪಕ್ಕದವರಿಗೆ ಕಾಣದಂಥ ಕಪ್ಪು ಹಾಳೆ ಅಂಟಿಸಿದ್ದರೆ ಕಷ್ಟ. ಒಂದು ನಿಮಿಷ ದಾಟಿದ ಕೋಡ್ ಮಾತ್ರ ಬೇರೆ ಕಥೆ: ಸ್ಕ್ಯಾನರ್ ಓದುತ್ತದೆ, ಸರ್ವರ್ `AUTHCODEEXPIRE` ಎನ್ನುತ್ತದೆ. ಮಷಿನ್ ಬೀಪ್ ಎಂದಿತೋ ಇಲ್ಲವೋ ನೋಡಿದರೆ ತಪ್ಪು ಯಾವ ಕಡೆಯದು ಎಂದು ಗೊತ್ತಾಗುತ್ತದೆ.

ನನ್ನ ದೃಷ್ಟಿಯಲ್ಲಿ ಫೋಟೋಗಿಂತ ಹೆಚ್ಚು ತಲೆಕೆಡಿಸಿಕೊಳ್ಳಬೇಕಾದ್ದು ಎರಡು ಸಲ ದುಡ್ಡು ಹೋಗುವ ಪ್ರಸಂಗ. ಮನವಿ ಸರ್ವರ್ ತಲುಪಿ ದುಡ್ಡು ಕಡಿತವಾಗಿದೆ, ಆದರೆ ಉತ್ತರ ವಾಪಸ್ ಬರುವಾಗ ಅಂಗಡಿಯ ನೆಟ್ ಹೋಯಿತು. ಕ್ಯಾಷಿಯರ್ ಪರದೆಯ ಮೇಲೆ ಏನೂ ಇಲ್ಲ. ಈಗ ಆಕೆ ಅದೇ `A7-000826` ನಂಬರ್ ಹಾಕಿ ಸರ್ವರನ್ನು ವಿಚಾರಿಸಬೇಕು, ಉತ್ತರ ಸಿಗದಿದ್ದರೆ ಅದೇ ನಂಬರಿನ ವ್ಯವಹಾರವನ್ನು ರದ್ದು ಮಾಡಬೇಕು. ರದ್ದು ಮಾಡಿದರೆ ಕಡಿತವಾದ ದುಡ್ಡು ಮರಳುತ್ತದೆ, ಆಗದಿದ್ದ ವ್ಯವಹಾರ ಅಲ್ಲಿಗೇ ಮುಚ್ಚುತ್ತದೆ. ಅದರ ಬದಲು ಹೊಸ ಬಿಲ್ ತೆಗೆದು "ಇನ್ನೊಮ್ಮೆ ತೋರಿಸಿ" ಎಂದರೆ, ಬಿಲ್ ನಂಬರ್ ಹೊಸದು, ನಿಮ್ಮ ಪರದೆಯ ಕೋಡೂ ಅಷ್ಟರಲ್ಲಿ ಹೊಸದು. ಸರ್ವರ್‌ಗೆ ಅದು ಎರಡನೇ ವ್ಯಾಪಾರ. ಅದು ತಡೆಯುವುದಿಲ್ಲ.

ಹಾಗಾಗಿ ಇನ್ನೊಮ್ಮೆ ತೋರಿಸಿ ಅಂದಾಗ ಮೊದಲು ನಿಮ್ಮ ಆ್ಯಪ್‌ನ ವ್ಯವಹಾರ ಪಟ್ಟಿ ತೆರೆದು ನೋಡ್ರಿ. 36.50 ಅಲ್ಲಿ ಕಂಡರೆ ಆ ಸಾಲನ್ನು ಒತ್ತಿ ವಿವರ ತೋರಿಸಿ. ಅದರಲ್ಲಿ ಅಂಗಡಿಯ ಬಿಲ್ ನಂಬರ್ ಇರುತ್ತದೆ, ಆ ನಂಬರಿನಿಂದ ಕ್ಯಾಷಿಯರ್ ತನ್ನ ಕಂಪ್ಯೂಟರಿನಲ್ಲಿ ವ್ಯವಹಾರ ಹುಡುಕಬಹುದು. ಪಟ್ಟಿಯಲ್ಲಿ ಎರಡು ಸಾಲು ಆಗಲೇ ಬಂದಿದ್ದರೆ, ಹೊರಡುವ ಮುನ್ನ ಅಲ್ಲೇ ಒಂದನ್ನು ಮರುಪಾವತಿ ಮಾಡಿಸಿಕೊಳ್ಳಿ.