ಬಡ್ತಿಯ ಸುದ್ದಿ ಹೇಳುವಾಗ ಕೆಲಸ ಕಲಿಸಿದವರನ್ನು ನೆನೆಯುವುದು ಹೇಗೆ?

ಪ್ರಶ್ನೆ: ಹನ್ನೊಂದು ವರ್ಷ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿದ್ದೆ. ಈಗ ಆಫೀಸರ್ ಆಗಿ ಬಡ್ತಿ ಬಂದಿದೆ. ಶಾಖೆಯ ವಾಟ್ಸಾಪ್ ಗುಂಪಿನಲ್ಲೂ ಫೇಸ್‌ಬುಕ್‌ನಲ್ಲೂ ನಾಲ್ಕು ಸಾಲು ಬರೆದು, ಮೊದಲ ಶಾಖೆಯಲ್ಲಿ ಕೆಲಸ ಕಲಿಸಿದ ಹೆಡ್ ಕ್ಯಾಷಿಯರ್ ಸರ್ ಅವರಿಗೆ ಕೃತಜ್ಞತೆ ಹೇಳಬೇಕು. ಜಂಬ ಅನ್ನಿಸಬಾರದು. ಬರೆದದ್ದನ್ನು ಕಳಿಸಿದ್ದೇನೆ, ಓದಿ ಹೇಳಿ.

ಉತ್ತರ: ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ನೀವು ಕರಡನ್ನೂ ಕಳಿಸಿದ್ದು ಒಳ್ಳೆಯದಾಯಿತು. ನಿಮ್ಮ ಒಪ್ಪಿಗೆಯಿಂದ ಅದನ್ನೇ ಇಲ್ಲಿ ಕೊಡುತ್ತಿದ್ದೇನೆ.

"ನನ್ನ ವೃತ್ತಿಜೀವನದ ಈ ಮಹತ್ವದ ಮೈಲಿಗಲ್ಲನ್ನು ಹಂಚಿಕೊಳ್ಳಲು ಅತ್ಯಂತ ಹರ್ಷಿಸುತ್ತೇನೆ. ನಾನು ಅಧಿಕಾರಿಯಾಗಿ ಬಡ್ತಿ ಪಡೆದಿರುತ್ತೇನೆ. ನನ್ನ ಈ ಯಶಸ್ಸಿಗೆ ಕಾರಣರಾದ, ನನ್ನ ಏಳಿಗೆಯ ಹಿಂದಿನ ಶಕ್ತಿಯಾದ ಹೆಡ್ ಕ್ಯಾಷಿಯರ್ ಸರ್ ಅವರಿಗೆ ಚಿರಋಣಿ. ಅವರು ಸರಳತೆ, ಶಿಸ್ತು, ಪ್ರಾಮಾಣಿಕತೆಗೆ ಮತ್ತೊಂದು ಹೆಸರು. ಅವರಿಲ್ಲದಿದ್ದರೆ ನಾನು ಇಲ್ಲಿರುತ್ತಿರಲಿಲ್ಲ."

ಐದು ವಾಕ್ಯದಲ್ಲಿ ನಾನು, ನನ್ನ ಎಂಬುದು ಐದು ಸಲ ಬಂದಿದೆ. ಸರ್ ಬಗ್ಗೆ ಎಷ್ಟು ಹೊಗಳಿಕೆ ಇದ್ದರೂ ಓದುವವರ ಕಿವಿಯಲ್ಲಿ ಉಳಿಯುವುದು ಆ 'ನಾನು' ಒಂದೇ. ಕನ್ನಡದಲ್ಲಿ ಇದಕ್ಕೆ ಸುಲಭದ ದಾರಿ ಇದೆ. 'ಸೇರಿದೆ', 'ಕಲಿತೆ' ಅಂದರೆ ಸಾಕು, ಯಾರು ಎಂದು ಕ್ರಿಯಾಪದವೇ ಹೇಳುತ್ತದೆ. 'ನಾನು ಬಡ್ತಿ ಪಡೆದಿರುತ್ತೇನೆ' ಎಂಬುದು ಗೆದ್ದು ತಂದಂತೆ ಕೇಳಿಸುತ್ತದೆ, ಅರ್ಜಿಯ ವಾಸನೆಯೂ ಇದೆ. 'ಬಡ್ತಿ ಬಂದಿದೆ' ಎಂದು ನಿಮ್ಮ ಪ್ರಶ್ನೆಯಲ್ಲಿ ನೀವೇ ಬರೆದಿದ್ದೀರಿ. ಮನೆಯಲ್ಲಿ ಅಮ್ಮನಿಗೆ ಹೇಳಿದ್ದೂ ಹಾಗೆಯೇ ಇರಬೇಕು. ಅದನ್ನೇ ಬರೆಯಿರಿ.

ಇದು ಮಾತಿನ ವಿಷಯವಾಯಿತು. ಇದಕ್ಕಿಂತ ದೊಡ್ಡ ತೊಂದರೆ 'ಯಶಸ್ಸಿಗೆ ಕಾರಣರಾದ' ಎಂಬಲ್ಲಿದೆ. ಬ್ಯಾಂಕಿನ ಬಡ್ತಿ ಹೇಗೆ ಬರುತ್ತದೆ ಎಂದು ನಿಮ್ಮ ಗುಂಪಿನಲ್ಲಿರುವ ಎಲ್ಲರಿಗೂ ಗೊತ್ತು. ಪರೀಕ್ಷೆ, ಸಂದರ್ಶನ, ಸೇವೆಯ ವರ್ಷ ಎಲ್ಲ ಲೆಕ್ಕಕ್ಕೆ ಬರುತ್ತವೆ. ಹಿರಿಯರೊಬ್ಬರ ಹೆಸರು ಹೇಳಿ 'ಇವರಿಂದಲೇ ಬಡ್ತಿ' ಎಂದು ಬರೆದರೆ, ನೀವು ಕೃತಜ್ಞತೆ ಅಂದುಕೊಂಡದ್ದು ಬೇರೆಯವರಿಗೆ ವಶೀಲಿಯಂತೆ ಕಾಣಬಹುದು. ಅದೇ ಪಟ್ಟಿಯಲ್ಲಿ ಹೆಸರು ಬಾರದ ಒಬ್ಬಿಬ್ಬರು ಆ ಗುಂಪಿನಲ್ಲಿ ಇದ್ದೇ ಇರುತ್ತಾರೆ. ಅವರು ನಿಮಗೆ ಶುಭಾಶಯ ಹೇಳುವವರೇ. ಆದರೂ ಆ ಸಾಲನ್ನು ಎರಡು ಸಲ ಓದುತ್ತಾರೆ. ಆದ್ದರಿಂದ ಬಡ್ತಿಗಾಗಿ ಯಾರಿಗೂ ಕೃತಜ್ಞತೆ ಹೇಳಬೇಡಿ. ಸರ್ ನಿಮಗೆ ಕಲಿಸಿದ ಒಂದು ಕೆಲಸಕ್ಕಾಗಿ ಹೇಳಿ. ಬಡ್ತಿಯ ಸುದ್ದಿಗೆ ಒಂದು ವಾಕ್ಯ ಸಾಕು, ಉಳಿದದ್ದೆಲ್ಲ ಆ ಕೆಲಸಕ್ಕೆ ಇರಲಿ.

'ಸರಳತೆ, ಶಿಸ್ತು, ಪ್ರಾಮಾಣಿಕತೆ' ಎಂಬ ಸಾಲನ್ನು ಯಾರ ಬೀಳ್ಕೊಡುಗೆಯಲ್ಲಿ ಬೇಕಾದರೂ ಓದಬಹುದು. ಹೆಸರು ಬದಲಿಸಿದರೂ ನಡೆಯುವ ವಾಕ್ಯದಲ್ಲಿ ನಿಮ್ಮ ಸರ್ ಇಲ್ಲ. ಅದಕ್ಕೇ ನಿಮಗೆ ಫೋನ್ ಮಾಡಿ ಕೇಳಿದೆ: "ಸರ್ ನಿಮಗೆ ಏನು ಕಲಿಸಿದರು?" "ಎಲ್ಲಾನೂ ಅವರೇ ಕಲಿಸಿದ್ದು" ಅಂದಿರಿ. ಬಹುತೇಕ ಎಲ್ಲರೂ ಮೊದಲು ಹೀಗೇ ಹೇಳುತ್ತಾರೆ. ಹಾಗಾಗಿ ಪ್ರಶ್ನೆ ಬದಲಿಸಿದೆ: "ಅವರು ಹೇಳಿಕೊಟ್ಟದ್ದರಲ್ಲಿ ಯಾವುದನ್ನು ಈಗಲೂ ಕೈಯಾರೆ ಮಾಡುತ್ತೀರಿ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಕ್ಯಾಶ್ ಟ್ಯಾಲಿ ಆಗದಿದ್ದರೆ ಒಂಬತ್ತರಿಂದ ಭಾಗಿಸ್ತೀನಿ" ಅಂದಿರಿ. ನೆನಪು ಸಿಕ್ಕಿದ್ದು ಅಲ್ಲಿ.

ಬ್ಯಾಂಕಿನ ಹೊರಗಿನ ಓದುಗರಿಗಾಗಿ ಆ ಸಂಜೆಯನ್ನು ಬಿಡಿಸಿ ಹೇಳುತ್ತೇನೆ. ಕೌಂಟರಿಗೆ ಕೂತು ನಾಲ್ಕನೇ ತಿಂಗಳು. ದಿನದ ಕೊನೆಗೆ ಲೆಕ್ಕದಲ್ಲಿ ಇರಬೇಕಾದುದಕ್ಕಿಂತ ಕೈಯಲ್ಲಿ 2,700 ರೂಪಾಯಿ ಕಮ್ಮಿ. ಹೊಸಬರು ಇಂಥ ಹೊತ್ತಿನಲ್ಲಿ ಮಾಡುವುದು ಒಂದೇ, ಮತ್ತೆ ಮತ್ತೆ ನೋಟು ಎಣಿಸುವುದು. ಶಟರ್ ಅರ್ಧ ಇಳಿದಿದೆ, ಬೆರಳು ಒದ್ದೆ ಮಾಡಿಕೊಳ್ಳುವ ಸ್ಪಂಜು ಒಣಗಿದೆ, ನಾಲ್ಕನೇ ಸಲದ ಎಣಿಕೆ ನಡೆಯುತ್ತಿದೆ. ಸರ್ ಕುರ್ಚಿ ಎಳೆದುಕೊಂಡು ಪಕ್ಕ ಕೂತು, ನೋಟು ಬಿಟ್ಟು ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಲು ಹೇಳಿದರು. 2,700ನ್ನು ಒಂಬತ್ತರಿಂದ ಭಾಗಿಸಿದರೆ 300, ಶೇಷವಿಲ್ಲ. ಅಂದರೆ ದುಡ್ಡು ಹೋಗಿರಲಿಕ್ಕಿಲ್ಲ, ಎಲ್ಲೋ ಅಂಕಿ ಅದಲುಬದಲಾಗಿರಬಹುದು.

ಇದರ ಹಿಂದಿನ ಲೆಕ್ಕ ಸರಳ. ಪಕ್ಕಪಕ್ಕದ ಎರಡು ಅಂಕಿ ಹಿಂದುಮುಂದಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. 58ರ ಬದಲು 85 ಬರೆದರೆ ವ್ಯತ್ಯಾಸ 27, ಅಂದರೆ ಒಂಬತ್ತು ಮೂರಲಿ. ಆ ಮೂರು ಎಲ್ಲಿಂದ ಬಂತೆಂದರೆ ಎಂಟಕ್ಕೂ ಐದಕ್ಕೂ ಇರುವ ಅಂತರ ಮೂರು. ಹಾಗಾಗಿ 2,700 ಕಂಡ ಕೂಡಲೇ, ಸಾವಿರ ಮತ್ತು ನೂರರ ಅಂಕಿಗಳ ನಡುವೆ ಮೂರರ ಅಂತರ ಇರುವ ಚಲನ್ ಹುಡುಕಿದರೆ ಸಾಕು. ಇಡೀ ಕಟ್ಟನ್ನು ಜಾಲಾಡಬೇಕಿಲ್ಲ. ಸಿಕ್ಕಿದ್ದು 5,800 ರೂಪಾಯಿ ಕಟ್ಟಿದ ಚಲನ್, ಕಂಪ್ಯೂಟರಿನಲ್ಲಿ ಹೊಡೆದದ್ದು 8,500. ಲೆಕ್ಕ 2,700 ಹೆಚ್ಚು ತೋರಿಸಿತ್ತು, ಅದಕ್ಕೇ ಕೈಯಲ್ಲಿ ಅಷ್ಟು ಕಮ್ಮಿ ಕಂಡಿತ್ತು. (ಒಂಬತ್ತರಿಂದ ಭಾಗ ಹೋದ ಮಾತ್ರಕ್ಕೆ ಅದಲುಬದಲೇ ಆಗಿರಬೇಕೆಂದಿಲ್ಲ. 4,500ಕ್ಕೆ ಒಂದು ಸೊನ್ನೆ ಬಿಟ್ಟು 450 ಎಂದು ಹೊಡೆದರೂ ವ್ಯತ್ಯಾಸ 4,050, ಅದೂ ಭಾಗವಾಗುತ್ತದೆ. ನಿಜವಾಗಿಯೇ 2,700 ಹೆಚ್ಚು ಕೊಟ್ಟು ಕಳಿಸಿದ್ದರೂ ಭಾಗ ಹೋಗುತ್ತದೆ. ಎಲ್ಲಿಂದ ಹುಡುಕಬೇಕು ಎಂಬುದನ್ನು ಮಾತ್ರ ಇದು ಹೇಳುತ್ತದೆ.)

ಇಷ್ಟನ್ನೂ ಬರೆದರೆ ಸುದ್ದಿ ಹೋಗಿ ಪಾಠವಾಗುತ್ತದೆ. ಪ್ರಕಟಣೆಗೆ ಇದರಿಂದ ನಾಲ್ಕು ಸಂಗತಿ ಆರಿಸಿದೆವು: ಕೊರತೆಯ ಮೊತ್ತ, ಎಳೆದುಕೊಂಡ ಕುರ್ಚಿ, ಸರ್ ಆಡಿದ ಮಾತು, ಸಿಕ್ಕ ಚಲನ್. ಸ್ಪಂಜು ನನಗೆ ಬಹಳ ಇಷ್ಟವಾಗಿತ್ತು, ಆದರೆ ಅದರಲ್ಲಿ ಸರ್ ಇಲ್ಲ ಎಂದು ಬಿಟ್ಟೆವು. ಕುರ್ಚಿಯನ್ನು ಮಾತ್ರ ಬಿಡಲಾಗದು. ಬೈಯದೆ, ಎದುರು ನಿಂತು ಕೇಳದೆ, ಪಕ್ಕದಲ್ಲಿ ಕೂತರು ಎಂಬುದನ್ನು ಅದೊಂದೇ ಹೇಳುತ್ತದೆ. ಅದಿದ್ದರೆ 'ಸಹನಾಮೂರ್ತಿ' ಎಂಬ ಪದ ಬೇಡ.

ಈ ನೆನಪಿನಲ್ಲಿ ತಪ್ಪು ನಿಮ್ಮದು, ಕೈಹಿಡಿದದ್ದು ಅವರು. ವಿನಯ ಇಲ್ಲಿ ತಾನಾಗಿ ಬರುತ್ತದೆ. 'ನನ್ನಂಥ ಅಲ್ಪಳಿಗೆ' ಎಂಬಂಥ ಮಾತು ಸೇರಿಸಿದರೆ ಓದುವವರು 'ಹಾಗಲ್ಲ ಬಿಡಿ' ಎಂದು ಸಮಾಧಾನ ಮಾಡಬೇಕಾಗುತ್ತದೆ, ಗಮನ ಮತ್ತೆ ನಿಮ್ಮ ಕಡೆಗೇ ತಿರುಗುತ್ತದೆ.

ನೆನಪು ಆರಿಸುವಾಗ ಒಂದು ಎಚ್ಚರ. ಬಹಳ ಹಿಂದೆ ಪರಿಚಿತರೊಬ್ಬರು ತಮ್ಮ ಬಡ್ತಿಯ ಸುದ್ದಿಯಲ್ಲಿ, ಕ್ಯಾಶ್ ಕಮ್ಮಿ ಬಿದ್ದಾಗ ಮ್ಯಾನೇಜರ್ ತಮ್ಮ ಜೇಬಿನಿಂದ ಹಾಕಿ ಯಾರಿಗೂ ತಿಳಿಯದಂತೆ ಸರಿಮಾಡಿದರು ಎಂದು ಬರೆದಿದ್ದರು. ಕಣ್ಣು ತುಂಬಿ ಬರೆದದ್ದೇ. ಆದರೆ ಕೊರತೆ ಪುಸ್ತಕದಲ್ಲಿ ಕಾಣಬೇಕು. ಕಾಣದಂತೆ ಮಾಡಿದ್ದು ಉಪಕಾರವಾದರೂ ನಿಯಮದ ಪ್ರಕಾರ ತಪ್ಪು, ಮ್ಯಾನೇಜರ್ ಆಗಿನ್ನೂ ಸೇವೆಯಲ್ಲಿದ್ದರು. ಅರ್ಧ ದಿನದಲ್ಲಿ ಅದನ್ನು ಅಳಿಸಬೇಕಾಯಿತು. ನಿಮ್ಮ ಸಂಜೆಯಲ್ಲಿ ಆ ಭಯವಿಲ್ಲ: ತಪ್ಪು ಅದೇ ದಿನ ಸಿಕ್ಕಿತು, ಎಂಟ್ರಿ ಸರಿಯಾಯಿತು. ಆದರೂ ಗ್ರಾಹಕರ ಹೆಸರು, ಗುರುತು ಸಿಗುವಂಥ ಯಾವ ವಿವರವೂ ಬೇಡ. 'ಒಂದು ಚಲನ್' ಅಂದರೆ ಸಾಕು. ಪಟ್ಟಿಯಲ್ಲಿ ಹೆಸರು ಕಂಡ ದಿನವೇ ಬರೆಯಬೇಡಿ, ಆದೇಶ ಕೈಗೆ ಬರಲಿ.

ಕೊನೆಗೆ ಆದ ಕರಡು ಇದು:

"ಆಫೀಸರ್ ಆಗಿ ಬಡ್ತಿ ಬಂದಿದೆ, ಸೋಮವಾರದಿಂದ ಹೊಸ ಶಾಖೆ. ಈ ಹೊತ್ತಿಗೆ ನೆನಪಾಗುತ್ತಿರುವುದು ಕೌಂಟರಿಗೆ ಕೂತ ನಾಲ್ಕನೇ ತಿಂಗಳ ಒಂದು ಸಂಜೆ. ಕ್ಯಾಶ್ 2,700 ರೂಪಾಯಿ ಕಮ್ಮಿ ಬಂದಿತ್ತು. ನಾಲ್ಕನೇ ಸಲ ನೋಟು ಎಣಿಸುತ್ತಿದ್ದಾಗ ಹೆಡ್ ಕ್ಯಾಷಿಯರ್ ಸರ್ ಕುರ್ಚಿ ಎಳೆದುಕೊಂಡು ಪಕ್ಕ ಕೂತರು. 'ನೋಟು ಬಿಡಮ್ಮ, ಒಂಬತ್ತರಿಂದ ಭಾಗಿಸು' ಅಂದರು. ಭಾಗ ಹೋಯಿತು. 5,800ರ ಚಲನ್ ಒಂದನ್ನು 8,500 ಎಂದು ಹೊಡೆದಿದ್ದೆ. ಇವತ್ತಿಗೂ ಟ್ಯಾಲಿ ಆಗದ ಸಂಜೆ ಮೊದಲು ಮಾಡುವುದು ಅದನ್ನೇ. ಹೊಸದಾಗಿ ಬಂದವರ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಅದನ್ನೇ ಹೇಳಿಕೊಡುತ್ತೇನೆ. ಸರ್, ನಮಸ್ಕಾರ."

'ನಾನು' ಒಂದು ಸಲವೂ ಬಂದಿಲ್ಲ, ನೋಡಿ. 'ನಮಸ್ಕಾರ' ಎಂದು ನಿಲ್ಲಿಸಿದ್ದು ನಿಮ್ಮದೇ ಆಯ್ಕೆ. ಚಿರಋಣಿಗಿಂತ ಅದೇ ಚೆನ್ನಾಗಿದೆ.

ಹಾಕುವ ಮೊದಲು ಸರ್‌ಗೆ ಫೋನ್ ಮಾಡಿ ಓದಿ ಹೇಳಿ ಎಂದಿದ್ದೆ. ನಿವೃತ್ತರಾಗಿದ್ದರೂ ಅವರ ಹೆಸರು ಹತ್ತು ಜನರ ಮುಂದೆ ಬರುತ್ತದೆ, ಒಪ್ಪಿಗೆ ಬೇಕು. ಅವರ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿರುವುದರಿಂದ ಅದು ಅವರದೇ ಮಾತೇ ಎಂದೂ ಕೇಳಬೇಕು. ಮೊನ್ನೆ ನೀವು ಬರೆದು ತಿಳಿಸಿದಿರಿ: ಸರ್‌ಗೆ ಮಾತು ನೆನಪಿಲ್ಲವಂತೆ, "ಹಾಗೇ ಅಂದಿರ್ತೀನಿ ಬಿಡಮ್ಮ, ಎಲ್ಲರಿಗೂ ಅದನ್ನೇ ಹೇಳ್ತಿದ್ದೆ" ಅಂದರಂತೆ. ಆದರೆ ಒಂದು ತಿದ್ದುಪಡಿ ಹೇಳಿದರಂತೆ. ಆ ಸಂಜೆ ಮನೆಗೆ ಹೋಗದೆ ಉಳಿದು, ಚಲನ್ ಕಟ್ಟು ಬಿಚ್ಚಿ ಒಂದೊಂದಾಗಿ ಕೈಗೆ ಕೊಟ್ಟವರು ಅಟೆಂಡರ್. 5,800ರ ಚಲನ್ ಮೊದಲು ಕಂಡದ್ದೂ ಅವರಿಗೇ. ನಿಮಗೆ ಅದು ಮರೆತೇಹೋಗಿತ್ತು.

'ಭಾಗ ಹೋಯಿತು' ಎಂಬುದರ ಮುಂದೆ ಈ ಸಾಲು ಸೇರಿಸಿ ಹಾಕಿ: "ಚಲನ್ ಕಟ್ಟು ಬಿಚ್ಚಿ ಹುಡುಕಿಕೊಟ್ಟವರು ನಮ್ಮ ಅಟೆಂಡರ್, ಕೊನೆಯ ಬಸ್ಸು ಬಿಟ್ಟುಕೊಂಡು." ಬಸ್ಸಿನ ಮಾತನ್ನೂ ಸರ್ ಅವರೇ ಹೇಳಿದ್ದಲ್ಲವೇ? ಅಟೆಂಡರ್ ಅವರಿಗೂ ಒಂದು ಫೋನ್ ಮಾಡಿ ಕೇಳಿಬಿಡಿ, ಅವರ ಹೆಸರನ್ನೂ ಹಾಕಬಹುದೇ ಎಂದು.